ಕತ್ತಿಯ ದಾಖಲೆ ನೋಡಲು ಅನುಮತಿ ಕೋರಿ

ಉಣಕಲ್, ಹುಬ್ಬಳ್ಳಿ
12 ನವೆಂಬರ್ 2024

ಕ್ಯುರೇಟರ್ ಅವರಿಗೆ,
ವಸ್ತುಸಂಗ್ರಹಾಲಯ, ಧಾರವಾಡ

ವಿಷಯ: ನಿಮ್ಮಲ್ಲಿರುವ ರೆಜಿಮೆಂಟಿನ ಹಳೆಯ ಕತ್ತಿಯೊಂದರ ಅಕ್ಸೆಷನ್ ರಜಿಸ್ಟರ್ ಮತ್ತು ಫೈಲು ನೋಡುವ ಕುರಿತು

ಮಾನ್ಯರೇ,

ನಮಸ್ಕಾರ. ನಾನು ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿ ದುಡಿದು ನಿವೃತ್ತನಾದವನು. ಹಳೆಯ ಬೀಗ, ತಕ್ಕಡಿ, ಕತ್ತಿ ಕೂಡಿಡುವ ಹುಚ್ಚು ಇದೆ. ವ್ಯಾಪಾರ ಮಾಡುವವನಲ್ಲ, ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಕಳೆದ ತಿಂಗಳು ನಿಮ್ಮ ಆಯುಧಗಳ ಕೋಣೆಯಲ್ಲಿ, ಕಿಟಕಿಯ ಕಡೆಯ ಗಾಜಿನ ಪೆಟ್ಟಿಗೆಯಲ್ಲಿ ಮೂರು ಪಟ್ಟಿಯ ಉಕ್ಕಿನ ಹಿಡಿಯ ಕತ್ತಿಯೊಂದನ್ನು ನೋಡಿದೆ. ಚೀಟಿಯಲ್ಲಿ ‘ಖಡ್ಗ, 19ನೆಯ ಶತಮಾನ’ ಎಂದಷ್ಟೇ ಇದೆ. ಮಂಡಿಯೂರಿ ಕುಳಿತು ನೋಡಿದರೆ ಹಿಡಿಯ ಕೆಳಪಟ್ಟಿಯ ಮೇಲೆ ಅಚ್ಚೊತ್ತಿದ ಇಂಗ್ಲಿಷ್ ಅಕ್ಷರಗಳು ಕಂಡವು: ಎಸ್, ಎಂ, ಅದರ ಮುಂದೆ ಇನ್ನೊಂದು. ಕೆಳಗೆ 47. ಮೂರನೆಯ ಅಕ್ಷರ ಗಾಜಿನ ಹೊಳಪಿಗೆ ಸಿಗಲಿಲ್ಲ. ಎದೆ ಹೊಡೆದುಕೊಂಡಿತು, ಯಾಕೆಂದರೆ ನನ್ನ ಮನೆಯಲ್ಲಿರುವ ಕತ್ತಿಯ ಮೇಲೂ ಅದೇ ಎಸ್, ಎಂ ಇವೆ, ನಂಬರು 41.

ನನ್ನದು ನರಗುಂದ ತಾಲೂಕಿನ ಒಂದು ಮನೆಯಿಂದ ಬಂದದ್ದು. ಆ ಮನೆಯವರು ಪ್ರತಿ ವರ್ಷ ಖಂಡೇನವಮಿಗೆ ಅದಕ್ಕೆ ಪೂಜೆ ಮಾಡುತ್ತಿದ್ದರು. ಹಿಡಿಯ ಮೇಲೆ ಎಣ್ಣೆ, ಕುಂಕುಮ, ಹೊಗೆ ಕೂಡಿ ಅರಗಿನಂತೆ ಗಟ್ಟಿಯಾಗಿತ್ತು. “ಇದು ಬಾಬಾಸಾಹೇಬರ ಕಾಲದ್ರೀ, ಮ್ಯಾನ್ಸನ್ ಸಾಹೇಬನ ಕೂಡ ಬಂದ ಸವಾರಂದು” ಎಂದು ಅಜ್ಜಿ ಹೇಳಿದರು. ಬಾಬಾಸಾಹೇಬರೆಂದರೆ ಬ್ರಿಟಿಷರ ವಿರುದ್ಧ ಬಂಡೆದ್ದ ನರಗುಂದದ ಅರಸರು, ಮ್ಯಾನ್ಸನ್ ಬ್ರಿಟಿಷರ ಅಧಿಕಾರಿ. ಎರಡು ಸಂಜೆ ಹತ್ತಿಗೆ ಸೀಮೆಎಣ್ಣೆ ಹಚ್ಚಿ ಮೆಲ್ಲಗೆ ಒರೆಸಿದೆ. ಕುಂಕುಮ ಕರಗಿ ಬಟ್ಟಲು ಕೆಂಪಾಯಿತು, ಅಡಿಯಲ್ಲಿ ಅಚ್ಚು ಎದ್ದಿತು. ಮೂರನೆಯ ಅಕ್ಷರದ ಜಾಗದಲ್ಲಿ ಮಾತ್ರ ಹಿಡಿದು ಹಿಡಿದು ಸವೆದ ನುಣುಪು.

1858ರ ಮೇ 29ರಂದು ಸುರೇಬಾನದಲ್ಲಿ ಮ್ಯಾನ್ಸನ್ ಕೊಲೆಯಾದಾಗ ಅವನ ಜೊತೆಗಿದ್ದವರು ಸದರ್ನ್ ಮರಾಠಾ ಹಾರ್ಸ್‌ನ ಸವಾರರು. ಹಾಗಾಗಿ ಮೂರನೆಯದು ಎಚ್ ಆಗಿರಲಿ ಎಂದು ನನ್ನ ಆಸೆಗಣ್ಣು ಓದುತ್ತದೆ. ಮೂರು ಪಟ್ಟಿಯ ಹಿಡಿಯೂ ಕುದುರೆ ಸವಾರರದ್ದೇ ಮಾದರಿ. ಆದರೆ ಅಚ್ಚು ಹೊಡೆದು ಹೊಡೆದು ಪಳಗಿದ ಕೈ ನನ್ನದು, ಸುಮ್ಮನೆ ನಂಬಲಿಕ್ಕೆ ಬರುವುದಿಲ್ಲ. ಅಲಗಿನ ಬುಡದಲ್ಲಿ ಬಾಣದ ಗುರುತಿನ ಜೊತೆ ಐ.ಎಸ್.ಡಿ. ಎಂದಿದೆ. ಅದು ಇಂಡಿಯಾ ಸ್ಟೋರ್ ಡಿಪಾರ್ಟ್‌ಮೆಂಟಿನ ಗುರುತು, ಕಂಪನಿ ಸರಕಾರ ಹೋಗಿ ರಾಣಿಯ ಸರಕಾರ ಬಂದ ಮೇಲಿನದು. ಬಾಬಾಸಾಹೇಬರನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದ್ದು ಅದೇ ವರ್ಷದ ಜೂನಿನಲ್ಲಿ, ರಾಣಿಯ ಘೋಷಣೆ ಬಂದದ್ದು ನವೆಂಬರಿನಲ್ಲಿ. ಗುರುತನ್ನು ಆಮೇಲೆ ಹೊಡೆದಿರದಿದ್ದರೆ ಅಜ್ಜಿಯ ಮಾತು ನಿಲ್ಲುವುದಿಲ್ಲ. ಇನ್ನೊಂದು ತೊಡಕೂ ಇದೆ. ಎಸ್, ಎಂ ಎಂದರೆ ಸೈನ್ಯದ ಎಂಜಿನಿಯರ್ ದಳವಾದ ಸ್ಯಾಪರ್ಸ್ ಅಂಡ್ ಮೈನರ್ಸ್ ಕೂಡ ಆಗಬಹುದು. ಬಾಂಬೆ ದಳದ ನೆಲೆ ಪುಣೆಯ ಖಡ್ಕಿ, ಮದ್ರಾಸ್ ದಳದ್ದು ಬೆಂಗಳೂರು, ಎರಡೂ ನಮಗೆ ದೂರವಲ್ಲ. ಅವರಲ್ಲಿದ್ದು ಪೆನ್ಶನ್ ಪಡೆದು ಬಂದ ಯಾರೋ ಒಬ್ಬರ ಗಂಟಿನಲ್ಲಿ ಬಂದಿದ್ದರೂ ಬಂದಿರಬಹುದು.

ನಿಮ್ಮ ಕತ್ತಿಯ ಮೂರನೆಯ ಅಕ್ಷರ ಸ್ಪಷ್ಟವಿದ್ದರೆ ಅರ್ಧ ಜಗಳ ಅಲ್ಲಿಗೇ ಮುಗಿಯುತ್ತದೆ. ಉಳಿದರ್ಧ ನಿಮ್ಮ ಕಾಗದಗಳಲ್ಲಿದೆ. ಅದು ಯಾವ ವರ್ಷ, ಯಾರಿಂದ, ಯಾವ ಊರಿಂದ ಬಂತು, ಕೊಟ್ಟವರು ಪತ್ರವೇನಾದರೂ ಬರೆದಿದ್ದರೆ ಅದು, ಒರೆ ಜೊತೆಗೆ ಬಂದಿತ್ತೋ ಇಲ್ಲವೋ, ಇಷ್ಟನ್ನು ರಜಿಸ್ಟರಿನಲ್ಲಿ ಮತ್ತು ಫೈಲಿನಲ್ಲಿ ನೋಡಬೇಕು. ಅದೂ ನರಗುಂದದ ಕಡೆಯಿಂದಲೇ ಬಂದಿದ್ದರೆ ನಾನು ಮತ್ತೆ ಅಜ್ಜಿಯ ಪಕ್ಷ ಸೇರುತ್ತೇನೆ. ದಾನಿಗಳ ಹೆಸರು ಗುಟ್ಟಾಗಿಡಬೇಕಿದ್ದರೆ ಆ ಸಾಲು ಮುಚ್ಚಿಯೇ ತೋರಿಸಿ, ಊರು ಮತ್ತು ಇಸವಿ ಸಾಕು. ಪೆಟ್ಟಿಗೆ ತೆರೆಯುವುದು ಕಷ್ಟವಾದರೆ ನಿಮ್ಮ ಸಿಬ್ಬಂದಿಯೇ ಹಿಡಿಯ ಕೆಳಪಟ್ಟಿ ಮತ್ತು ಅಲಗಿನ ಬುಡಕ್ಕೆ ಓರೆಯಾಗಿ ಟಾರ್ಚ್ ಹಿಡಿದು ಫೋಟೊ ತೆಗೆದರೂ ನಡೆಯುತ್ತದೆ. ಎದುರಿನಿಂದ ಬೆಳಕು ಬಿದ್ದರೆ ಅಚ್ಚು ಕಾಣುವುದಿಲ್ಲ.

ನನ್ನ ಕತ್ತಿಯನ್ನು ತರುವುದಿಲ್ಲ. ಮೂರಡಿ ಉಕ್ಕನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಚಿಗರಿ ಬಸ್ಸು ಹತ್ತಿದರೆ ನಿಮ್ಮಲ್ಲಿಗೆ ಬರುವ ಮೊದಲು ಪೊಲೀಸ್ ಠಾಣೆ ಮುಟ್ಟುತ್ತೇನೆ. ಅದರ ಆರು ಫೋಟೊ, ಅಳತೆಗಳು ಮತ್ತು ಅಚ್ಚುಗಳ ಮೇಲೆ ತೆಳು ಕಾಗದವಿಟ್ಟು ಪೆನ್ಸಿಲ್ ಉಜ್ಜಿ ತೆಗೆದ ಪಡಿಯಚ್ಚು ಇದರೊಂದಿಗೆ ಇವೆ. ಉಪಯೋಗಕ್ಕೆ ಬಂದರೆ ನಿಮ್ಮ ಫೈಲಿನಲ್ಲೇ ಇಟ್ಟುಕೊಳ್ಳಿ.

ಸೋಮವಾರ ಬಿಟ್ಟು ಯಾವ ದಿನ ಹೇಳಿದರೂ ಬರುತ್ತೇನೆ. ಆಧಾರ್ ಕಾರ್ಡಿನ ಪ್ರತಿ ತರುತ್ತೇನೆ. ಅರ್ಜಿಯ ನಮೂನೆ, ಶುಲ್ಕ ಇದ್ದರೆ ಮೊದಲೇ ತಿಳಿಸಿ. ಫೋನ್ ನಂಬರು ಲಕೋಟೆಯ ಹಿಂದೆ ಇದೆ, ಆದರೆ ಎರಡು ಸಾಲು ಕಾಗದದಲ್ಲಿ ಬರೆದರೆ ಇನ್ನೂ ಸಂತೋಷ.

ಇಂತಿ ತಮ್ಮ ವಿಶ್ವಾಸಿ,
ಶಿ. ಬ. ಹೂಗಾರ

ಲಗತ್ತು: ಫೋಟೊ 6, ಅಳತೆಯ ಹಾಳೆ 1, ಪಡಿಯಚ್ಚು 2