ಥ್ರೆಟ್, ವಲ್ನರಬಿಲಿಟಿ, ಎಕ್ಸ್‌ಪ್ಲಾಯ್ಟ್, ರಿಸ್ಕ್: ಆರು ಅಭ್ಯಾಸ ಪ್ರಶ್ನೆಗಳು

ಸೈಬರ್ ಭದ್ರತೆಯ ಈ ನಾಲ್ಕು ಪದಗಳ ವ್ಯಾಖ್ಯೆ ಬಾಯಿಪಾಠ ಇದ್ದವರೂ ಪರೀಕ್ಷೆಯಲ್ಲಿ ಎಡವುತ್ತಾರೆ. ಒಂದೇ ಘಟನೆಯಲ್ಲಿ ನಾಲ್ಕೂ ಇರುತ್ತವೆ, ಓದುವಾಗ ಕಣ್ಣಿಗೆ ದೊಡ್ಡದಾಗಿ ಕಂಡದ್ದಕ್ಕೆ ಟಿಕ್ ಹಾಕಿಬಿಡುತ್ತೇವೆ. ಅದಕ್ಕೇ ಪ್ರಶ್ನೆಯ ಕೊನೆಯ ಸಾಲನ್ನು ಮೊದಲು ಓದಿ. ಅದು ಯಾವುದರತ್ತ ಬೆರಳು ತೋರಿಸುತ್ತಿದೆ ಎಂದು ಗೊತ್ತಾದ ಮೇಲೆ ಕಥೆಗೆ ಬನ್ನಿ.

ಪ್ರಶ್ನೆ 1. ವಾನ್ನಾಕ್ರೈ ಎಂಬ ರ‍್ಯಾನ್ಸಮ್‌ವೇರ್ 2017ರ ಮೇ 12ರಂದು ಹರಡತೊಡಗಿತು. ವಿಂಡೋಸ್‌ನ ಫೈಲ್ ಹಂಚಿಕೆ ವ್ಯವಸ್ಥೆಯಲ್ಲಿದ್ದ CVE-2017-0144 ದೋಷವನ್ನು ಅದು ಎಟರ್ನಲ್‌ಬ್ಲೂ ಮೂಲಕ ಬಳಸಿಕೊಂಡಿತು. ದೋಷ ಮುಚ್ಚುವ ಪ್ಯಾಚ್ MS17-010 ಮಾರ್ಚ್‌ನಲ್ಲೇ ಬಂದಿತ್ತು. ಇಲ್ಲಿ ಎಟರ್ನಲ್‌ಬ್ಲೂ ಯಾವುದು?

ಅ) ಥ್ರೆಟ್
ಆ) ವಲ್ನರಬಿಲಿಟಿ
ಇ) ಎಕ್ಸ್‌ಪ್ಲಾಯ್ಟ್
ಈ) ರಿಸ್ಕ್

ಉತ್ತರ: ಇ.

ಹೆಚ್ಚಿನವರು ಜಾರುವುದು 'ಆ'ಗೆ. ಎಟರ್ನಲ್‌ಬ್ಲೂ ಮತ್ತು ಆ CVE ಸಂಖ್ಯೆ ಸುದ್ದಿಗಳಲ್ಲಿ ಯಾವಾಗಲೂ ಜೋಡಿಯಾಗಿಯೇ ಬರುತ್ತವೆ, ಗೊಂದಲ ಸಹಜ. ಪ್ಯಾಚ್ ಹಾಕಿ ನೋಡಿ. ನಿಮ್ಮ ಯಂತ್ರದಲ್ಲಿದ್ದ ದೋಷ ಹೋಯಿತು, ಆದರೆ ಎಟರ್ನಲ್‌ಬ್ಲೂ ಕೋಡ್ ದಾಳಿಕೋರನ ಕೈಯಲ್ಲಿ ಹಾಗೇ ಉಳಿಯಿತು. ಪ್ಯಾಚ್‌ನಿಂದ ಅಳಿಯದ್ದು ವಲ್ನರಬಿಲಿಟಿ ಆಗಲಾರದು. 'ಅ' ಯಾಕಲ್ಲ? ಹಾನಿ ಮಾಡಲು ಬಂದದ್ದು ವಾನ್ನಾಕ್ರೈ ಮತ್ತು ಅದನ್ನು ಬಿಟ್ಟವರು. ಎಟರ್ನಲ್‌ಬ್ಲೂ ಅವರ ಉಪಕರಣ. ಎಷ್ಟು ಸಂಭವ, ಎಷ್ಟು ನಷ್ಟ ಎಂಬ ಮಾತೇ ಪ್ರಶ್ನೆಯಲ್ಲಿಲ್ಲ, ಆದ್ದರಿಂದ 'ಈ' ಬಿತ್ತು.

ಪ್ರಶ್ನೆ 2. ನದಿ ದಂಡೆಯ ಕಟ್ಟಡವೊಂದರ ನೆಲಮಾಳಿಗೆಯಲ್ಲಿ ಸರ್ವರ್‌ಗಳಿವೆ. ಬ್ಯಾಕಪ್ ಕೂಡ ಅದೇ ಕೋಣೆಯಲ್ಲಿದೆ. ಇಲ್ಲಿ ಥ್ರೆಟ್ ಯಾವುದು?

ಅ) ಸರ್ವರ್ ನೆಲಮಾಳಿಗೆಯಲ್ಲಿರುವುದು
ಆ) ನದಿಯ ಪ್ರವಾಹ
ಇ) ಬ್ಯಾಕಪ್ ಬೇರೆ ಕಡೆ ಇಲ್ಲದಿರುವುದು
ಈ) ವಾರಗಟ್ಟಲೆ ಕೆಲಸ ನಿಲ್ಲುವ ಸಂಭವ

ಉತ್ತರ: ಆ. ಥ್ರೆಟ್ ಎಂದರೆ ಹ್ಯಾಕರ್ ಮಾತ್ರ ಎಂದುಕೊಂಡವರು ಪ್ರವಾಹವನ್ನು ಮೊದಲೇ ಹೊಡೆದುಹಾಕುತ್ತಾರೆ. 'ಅ' ಮತ್ತು 'ಇ' ಎರಡೂ ನಮ್ಮ ಕಡೆಯ ಕೊರತೆಗಳು, ಅಂದರೆ ಒಂದೇ ಜಾತಿ. ಸರಿಯುತ್ತರ ಒಂದೇ ಇರುವಾಗ ಒಂದೇ ಜಾತಿಯ ಎರಡು ಆಯ್ಕೆ ಕಂಡರೆ ಎರಡನ್ನೂ ಅನುಮಾನಿಸಿ. 'ಈ' ರಿಸ್ಕ್.

ಪ್ರಶ್ನೆ 3. ಲಾಗಿನ್ ಪುಟದ ಹಿಂದೆ ಈ ಕೋಡ್ ಇದೆ:

```
q = "SELECT * FROM users WHERE name='" + name + "' AND pass='" + pw + "'"
```

ಹೆಸರಿನ ಜಾಗದಲ್ಲಿ ಒಬ್ಬ ಹೀಗೆ ಟೈಪ್ ಮಾಡಿದ:

```
' OR '1'='1' -- 
```

ಪಾಸ್‌ವರ್ಡ್ ಇಲ್ಲದೆಯೇ ಒಳಗೆ ಹೋದ. ಇಲ್ಲಿ ವಲ್ನರಬಿಲಿಟಿ ಯಾವುದು?

ಅ) ಅವನು ಟೈಪ್ ಮಾಡಿದ ಸಾಲು
ಆ) ಬಳಕೆದಾರ ಕೊಟ್ಟ ಪಠ್ಯವನ್ನು ನೇರವಾಗಿ ಕ್ವೆರಿಗೆ ಅಂಟಿಸುವುದು
ಇ) ಗ್ರಾಹಕರ ಮಾಹಿತಿ ಸೋರಿಕೆಯಾಗುವ ಸಂಭವ
ಈ) ಅವನು ನಡೆಸಿದ ಎಸ್‌ಕ್ಯೂಎಲ್ ಇಂಜೆಕ್ಷನ್ ದಾಳಿ

ಉತ್ತರ: ಆ.

ಇದರಲ್ಲಿ ಸ್ವಲ್ಪ ನಿಲ್ಲೋಣ, ಯಾಕೆಂದರೆ 'ಈ' ನಿಜಕ್ಕೂ ಕಾಡುತ್ತದೆ. ಕೆಲಸದ ಜಾಗದಲ್ಲಿ ನಾವೇ "ಈ ಪುಟದಲ್ಲಿ ಎಸ್‌ಕ್ಯೂಎಲ್ ಇಂಜೆಕ್ಷನ್ ಇದೆ" ಎನ್ನುತ್ತೇವೆ, ಅಲ್ಲಿ ಆ ಪದ ದೋಷವನ್ನೇ ಸೂಚಿಸುತ್ತದೆ. ದೌರ್ಬಲ್ಯಗಳ ಪಟ್ಟಿಯಲ್ಲೂ ಅದು CWE-89 ಆಗಿ ಕೂತಿದೆ. ಆದರೆ ಆಯ್ಕೆಯ ಮಾತು ನೋಡಿ: "ಅವನು ನಡೆಸಿದ ದಾಳಿ". ನಡೆಸುವುದು ಕ್ರಿಯೆ. ವಲ್ನರಬಿಲಿಟಿ ಯಾರೂ ನಡೆಸದೆಯೇ ಸುಮ್ಮನೆ ಬಿದ್ದಿರುವಂಥದ್ದು.

ಆ ವ್ಯಕ್ತಿಯನ್ನು ಕಥೆಯಿಂದ ಎತ್ತಿ ಹೊರಗಿಡಿ. ಅವನ ಜೊತೆ 'ಅ' ಮತ್ತು 'ಈ' ಎರಡೂ ಹೋಗುತ್ತವೆ. ಅಂಟಿಸುವ ಕೋಡ್ ಮಾತ್ರ ಮುಂದಿನವನಿಗಾಗಿ ಕಾಯುತ್ತಾ ಉಳಿಯುತ್ತದೆ. ಇನ್ನೊಂದು ಕಡೆಯಿಂದಲೂ ಪರೀಕ್ಷಿಸಬಹುದು: ಕೋಡನ್ನು ಪ್ಯಾರಾಮೀಟರ್ ಇರುವ ಕ್ವೆರಿಗೆ ಬದಲಾಯಿಸಿದರೆ ಅವನ ಸಾಲು ಬರೀ ಒಂದು ವಿಚಿತ್ರ ಹೆಸರಾಗಿ ಹುಡುಕಲ್ಪಡುತ್ತದೆ, ಆ ಹೆಸರಿನವರು ಸಿಗುವುದಿಲ್ಲ, ಅಷ್ಟೇ. 'ಅ' ಎಕ್ಸ್‌ಪ್ಲಾಯ್ಟ್ ಎನ್ನಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. 'ಇ'ಯಲ್ಲಿ "ಸಂಭವ" ಎಂಬ ಪದವೇ ಅದು ರಿಸ್ಕ್ ಎಂದು ಹೇಳಿಬಿಡುತ್ತದೆ.

ಪ್ರಶ್ನೆ 4. ಕೆಲಸ ಬಿಟ್ಟು ಎರಡು ತಿಂಗಳಾದ ಉದ್ಯೋಗಿಯ ಖಾತೆ ಇನ್ನೂ ತೆರೆದೇ ಇದೆ. ಲಾಗ್ ಪ್ರಕಾರ ಆಮೇಲೆ ಯಾರೂ ಅದರಲ್ಲಿ ಲಾಗಿನ್ ಆಗಿಲ್ಲ. ತೆರೆದ ಖಾತೆಯನ್ನು ಏನೆನ್ನಬೇಕು?

ಅ) ಥ್ರೆಟ್
ಆ) ವಲ್ನರಬಿಲಿಟಿ
ಇ) ಎಕ್ಸ್‌ಪ್ಲಾಯ್ಟ್
ಈ) ಏನೂ ಅಲ್ಲ, ದುರ್ಬಳಕೆ ಆಗಿಲ್ಲವಲ್ಲ

ಉತ್ತರ: ಆ. ಯಾರೂ ಮುಟ್ಟದ ಮಾತ್ರಕ್ಕೆ ದೋಷ ಇಲ್ಲವಾಗುವುದಿಲ್ಲ, 'ಈ' ಬಿಡಿ. ಅದನ್ನು ಬಳಸುವ ಕ್ರಿಯೆ ನಡೆದೇ ಇಲ್ಲ, 'ಇ' ಬಿಡಿ. ಥ್ರೆಟ್ ಆ ಮಾಜಿ ಉದ್ಯೋಗಿಯೋ, ಅವನ ಪಾಸ್‌ವರ್ಡ್ ಕದ್ದವನೋ ಇರಬಹುದು, ಖಾತೆ ಅಲ್ಲ.

ಪ್ರಶ್ನೆ 5. ಲಾಗ್4ಜೆ ಲೈಬ್ರರಿಯ CVE-2021-44228 ದೋಷಕ್ಕೆ CVSS ಅಂಕ 10.0. ಈ ದೋಷ ಎರಡು ಯಂತ್ರಗಳಲ್ಲಿದೆ. ಒಂದು ಗ್ರಾಹಕರ ಮಾಹಿತಿ ಇರುವ, ಇಂಟರ್ನೆಟ್‌ಗೆ ತೆರೆದ ಸರ್ವರ್. ಇನ್ನೊಂದು ಯಾವ ನೆಟ್‌ವರ್ಕ್‌ಗೂ ಸೇರದ, ಖಾಲಿ ಪ್ರಯೋಗದ ಯಂತ್ರ. "ಎರಡಕ್ಕೂ ಹತ್ತು, ರಿಸ್ಕ್ ಸಮ" ಎಂದು ವರದಿ ಹೇಳುತ್ತದೆ. ತಪ್ಪೆಲ್ಲಿ?

ಅ) ಎರಡನೆಯದರಲ್ಲಿ ವಲ್ನರಬಿಲಿಟಿಯೇ ಇಲ್ಲ
ಆ) ಅಂಕ ಹೇಳುವುದು ದೋಷದ ತೀವ್ರತೆ, ರಿಸ್ಕ್ ಅಲ್ಲ
ಇ) ಈ ದೋಷಕ್ಕೆ ಎಕ್ಸ್‌ಪ್ಲಾಯ್ಟ್ ಇಲ್ಲ
ಈ) ಎರಡನೆಯ ಯಂತ್ರದ ರಿಸ್ಕ್ ಖಂಡಿತ ಶೂನ್ಯ

ಉತ್ತರ: ಆ.

'ಅ' ಸುಳ್ಳು, ಕೇಬಲ್ ಕಿತ್ತರೆ ಲೈಬ್ರರಿ ಬದಲಾಗುವುದಿಲ್ಲ. 'ಇ' ಕೂಡ ಸುಳ್ಳು, 2021ರ ಡಿಸೆಂಬರ್‌ನಲ್ಲೇ ಅದರ ಎಕ್ಸ್‌ಪ್ಲಾಯ್ಟ್ ಕೋಡ್ ಬಹಿರಂಗವಾಗಿ ಓಡಾಡುತ್ತಿತ್ತು. 'ಈ'ಯಲ್ಲಿ ದಿಕ್ಕು ಸರಿ, "ಖಂಡಿತ ಶೂನ್ಯ" ಎಂಬುದೇ ಕೆಡಿಸಿದ್ದು: ನಾಳೆ ಯಾರಾದರೂ ಆ ಯಂತ್ರಕ್ಕೆ ಕೇಬಲ್ ಚುಚ್ಚಬಹುದು. ದಾಳಿ ತಲುಪುವ ಸಂಭವ, ತಲುಪಿದರೆ ಆಗುವ ನಷ್ಟ ಎರಡನ್ನೂ ಸೇರಿಸದೆ ರಿಸ್ಕ್ ಲೆಕ್ಕ ಆಗುವುದಿಲ್ಲ. ನಾನು ನೋಡಿದ ಎಷ್ಟೋ ಸ್ಕ್ಯಾನ್ ವರದಿಗಳಲ್ಲಿ ಅಂಕದ ಕಾಲಮ್‌ಗೆ "ರಿಸ್ಕ್" ಎಂದೇ ತಲೆಬರಹ ಇರುತ್ತದೆ, ತಪ್ಪು ಕಲಿಯಲು ಅಷ್ಟು ಸಾಕು.

ಪ್ರಶ್ನೆ 6. ಪ್ಯಾಚ್ ಹಾಕಲಾಗದ ಹಳೆಯ ಸರ್ವರ್‌ಗೆ ರ‍್ಯಾನ್ಸಮ್‌ವೇರ್ ಭಯ. ತಂಡವು ನೆಟ್‌ವರ್ಕ್‌ನಿಂದ ಬೇರ್ಪಟ್ಟ ಬ್ಯಾಕಪ್ ಇಟ್ಟು, ಅದರಿಂದ ಮರುಸ್ಥಾಪನೆ ಮಾಡಿಯೂ ನೋಡಿತು. ಮೊದಲು ಸರ್ವರ್ ಏಳಲು 40 ಗಂಟೆ ಬೇಕಿತ್ತು, ಈಗ 8 ಗಂಟೆ. ಕಡಿಮೆಯಾದದ್ದು ಯಾವುದು?

ಅ) ಥ್ರೆಟ್
ಆ) ವಲ್ನರಬಿಲಿಟಿ
ಇ) ಎಕ್ಸ್‌ಪ್ಲಾಯ್ಟ್
ಈ) ರಿಸ್ಕ್

ಉತ್ತರ: ಈ. ದಾಳಿಕೋರರು ಅಷ್ಟೇ ಇದ್ದಾರೆ, ಅವರ ಕೋಡ್ ಅಷ್ಟೇ ಚೆನ್ನಾಗಿ ಓಡುತ್ತದೆ. 'ಆ' ಆರಿಸಿದವರು "ಸುರಕ್ಷತೆ ಹೆಚ್ಚಿತು, ಅಂದರೆ ದೋಷ ಕಡಿಮೆಯಾಯಿತು" ಎಂದು ಯೋಚಿಸಿರುತ್ತಾರೆ. ಪ್ರಶ್ನೆಯ ಮೊದಲ ಪದಗಳೇ "ಪ್ಯಾಚ್ ಹಾಕಲಾಗದ" ಎಂದು ಹೇಳಿವೆ, ಸರ್ವರ್‌ನ ದೋಷ ಇದ್ದಲ್ಲೇ ಇದೆ. ದಾಳಿಯಾಗುವ ಸಂಭವವೂ ಬದಲಾಗಿಲ್ಲ. ಇಳಿದದ್ದು ನಷ್ಟದ ಪಾಲು, 32 ಗಂಟೆಯಷ್ಟು.