ಕೋಡಿನಾಡು: ಅನಿಮೇಷನ್ ಸರಣಿಯ ಲೋಕರಚನೆಯ ಕೈಪಿಡಿ (ಎರಡನೆಯ ಕರಡು)

ಈ ಕೈಪಿಡಿಯನ್ನು ‘ಕೋಡಿನಾಡು’ ಸರಣಿಯ ಹತ್ತು ಕಂತುಗಳಿಗೆ ದುಡಿಯುವ ಕಥೆಗಾರರು, ಚಿತ್ರಕಾರರು ಮತ್ತು ಧ್ವನಿ ವಿಭಾಗದವರಿಗಾಗಿ ಬರೆಯಲಾಗಿದೆ. ಕಥೆಗೆ ಅನುಕೂಲವೆಂದು ಇಲ್ಲಿನ ಕಟ್ಟಳೆಯೊಂದನ್ನು ಮುರಿಯಬೇಕೆನಿಸಿದರೆ, ಮೊದಲು ಕಥೆಯನ್ನೇ ಇನ್ನೊಮ್ಮೆ ಯೋಚಿಸಬೇಕು.

ನೆಲ

ಕೋಡಿನಾಡು ಕಲ್ಪನೆಯ ನಾಡಾದರೂ ಅದರ ಮಣ್ಣು ಕೋಲಾರ, ಚಿಕ್ಕಬಳ್ಳಾಪುರಗಳ ಕಡೆಯದು. ವರ್ಷವಿಡೀ ಹರಿಯುವ ನದಿಯಿಲ್ಲದ ಆ ಸೀಮೆಯಲ್ಲಿ ಹಿಂದಿನವರು ಕೆರೆಗಳನ್ನು ಸರಪಳಿಯಂತೆ ಕಟ್ಟಿದರು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಹಳ್ಳ ಹಿಡಿದು ಕೆಳಗಿನ ಕೆರೆಗೆ ಬರುತ್ತದೆ, ಅದು ತುಂಬಿದರೆ ಅದರ ಕೆಳಗಿನದಕ್ಕೆ. ನಮ್ಮ ಲೋಕದ ಮಾಯೆಯೆಲ್ಲವೂ ಈ ಇಳಿಜಾರಿನಿಂದಲೇ ಹುಟ್ಟಿದೆ. ಆದ್ದರಿಂದ ಹಿನ್ನೆಲೆ ಚಿತ್ರಗಳಲ್ಲಿ ಹಿಮಪರ್ವತ, ಜಲಪಾತ, ದಟ್ಟ ಕಾಡು ಬೇಡ. ಬೋಳು ಬಂಡೆಯ ಗುಡ್ಡ, ಹೊಂಗೆ, ಹುಣಸೆ, ಜಾಲಿ, ಕೆರೆಯಂಚಿನ ಜಂಬುಹುಲ್ಲು, ಊರಾಚೆಯ ಗುಂಡುತೋಪು, ಇವಿಷ್ಟರಲ್ಲೇ ಅದ್ಭುತವನ್ನು ತೋರಿಸಬೇಕು.

ಕಟ್ಟಳೆಗಳು

ಏರಿಯ ಮೇಲೆ ನಿಂತು ನೀರನ್ನು ನೋಡುತ್ತಾ ಆಡಿದ ಮಾತು ಕೆರೆಗೆ ಸೇರುತ್ತದೆ. ಹಾಗೆ ಸೇರಿದ ಮಾತು, ಆಡಿದವರ ನೆನಪಿನಲ್ಲಿ ಉಳಿಯುವುದಿಲ್ಲ. ಮಗುವನ್ನು ಕಳೆದುಕೊಂಡ ತಾಯಿ ತನ್ನ ಸಂಕಟವನ್ನು ನೀರಿಗೆ ಹೇಳಿ ಹಗುರಾಗಿ ಮನೆಗೆ ಹೋಗಬಲ್ಲಳು, ಆದರೆ ಮಗುವಿನ ಹೆಸರನ್ನು ಉಚ್ಚರಿಸಿದ್ದರೆ ಆ ಹೆಸರೂ ಹೋಗಿರುತ್ತದೆ.

ಕೆರೆಯಿಂದ ಮಾತು ಹೊರಬೀಳಲು ಎರಡೇ ದಾರಿ. ತೂಬಿನ ಮೂಲಕ ಹೋದದ್ದು ಕಾಲುವೆ ಹಿಡಿದು ಗದ್ದೆಗೆ ಇಳಿದು ಪೈರಾಗುತ್ತದೆ, ಆ ಅನ್ನವನ್ನು ಉಂಡವರಿಗೆ ಕನಸಾಗಿ ಬರುತ್ತದೆ. ಕೋಡಿಯ ಮೂಲಕ ಹೋದದ್ದು ಕೆಳಗಿನ ಕೆರೆಗೆ ಸೇರುತ್ತದೆ. ಮೇಲಿನವರು ಮರೆತ ದುಃಖವೆಲ್ಲ ಹೀಗೆ ಇಳಿಯುತ್ತಾ ಕಟ್ಟಕಡೆಯ ಊರಿನವರ ನಿದ್ದೆಯಲ್ಲಿ ಬಂದು ನಿಲ್ಲುತ್ತದೆ. ಈ ಸರಣಿಯ ಒಂದೊಂದು ಕಂತಿನಲ್ಲಿಯೂ ಒಬ್ಬರ ಸಮಾಧಾನವನ್ನು ಯಾರು ಹೊತ್ತರು ಎಂಬುದನ್ನು ನೋಡುವವರು ಕಾಣಬೇಕು.

ನೀರು ಮೇಲಕ್ಕೆ ಹರಿಯದ ಕಾರಣ ಮಾತೂ ಮೇಲಕ್ಕೆ ಹೋಗದು. ಆವಿಯಾದ ನೀರು ಮಾತನ್ನು ಒಯ್ಯುವುದಿಲ್ಲ, ಹಾಗಾಗಿ ಮಳೆ ಮೂಕವಾಗಿರುತ್ತದೆ. ಆದರೆ ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಮಾತುಗಳು ಗೋಡುಮಣ್ಣಿನಲ್ಲಿ ಉಳಿಯುತ್ತವೆ, ಮತ್ತು ಗೋಡನ್ನು ಗಾಡಿಗೆ ತುಂಬಿ ಎಲ್ಲಿಗೆ ಬೇಕಾದರೂ ಒಯ್ಯಬಹುದು. ನಮ್ಮ ರೈತರು ಕೆರೆಯ ಹೂಳೆತ್ತಿ ಹೊಲಕ್ಕೆ ಗೊಬ್ಬರವಾಗಿ ಹೊಡೆಯುವ ರೂಢಿಯೇ ಇಲ್ಲಿ ಕಥೆಯ ಕೀಲಿಕೈಯಾಗಿದೆ. ಕೆಳಗಿನ ಊರಿನ ಹುಡುಗಿ ಸಿದ್ದಿ ಒಂದು ಗಾಡಿ ಗೋಡನ್ನು ಏರುದಾರಿಯಲ್ಲಿ ಮೇಲಿನ ಊರಿಗೆ ಹೊಡೆದುಕೊಂಡು ಹೋಗುವುದೇ ಹತ್ತು ಕಂತುಗಳ ಪಯಣ.

ಮಾಯೆಯನ್ನು ಬಲ್ಲ ಮಾಂತ್ರಿಕರು ಈ ನಾಡಿನಲ್ಲಿಲ್ಲ. ಇರುವವನು ನೀರುಗಂಟಿ ಮಾತ್ರ. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಬಿಡಬೇಕೆಂದು ತೀರ್ಮಾನಿಸುವವನು ಅವನಾದ್ದರಿಂದ, ಯಾರ ಮಾತು ಯಾರ ತಟ್ಟೆಗೆ ಹೋಗುತ್ತದೆ ಎಂಬುದೂ ಅವನ ಕೈಯಲ್ಲಿದೆ. ಅವನು ಮಾತ್ರ ಏರಿಯ ಮೇಲೆ ಎಂದೂ ಬಾಯಿ ತೆರೆಯುವುದಿಲ್ಲ. ಅಲ್ಲಿ ಕೈಸನ್ನೆಯಿಂದಲೇ ಎಲ್ಲವನ್ನೂ ಹೇಳುತ್ತಾನೆ.

ಊರುಗಳು

ಮೇಲಿನದು ಮುಗಿಲ್ಕೆರೆ. ಇಲ್ಲಿಯ ಜನ ನಗುಮುಖದವರು, ಸೌಮ್ಯ ಸ್ವಭಾವದವರು, ಆದರೆ ತಮ್ಮ ಅಜ್ಜಂದಿರ ಹೆಸರನ್ನು ಅರಿಯದವರು. ಇವರನ್ನು ಕೆಟ್ಟವರಂತೆ ಚಿತ್ರಿಸಕೂಡದು, ಏಕೆಂದರೆ ತಾವು ಏನನ್ನು ಕೆಳಗೆ ಕಳುಹಿಸಿದೆವೆಂಬುದು ಇವರಿಗೆ ನಿಜವಾಗಿಯೂ ಗೊತ್ತಿಲ್ಲ. ನಡುವೆ ಜೋಡಿತೂಬು ಮತ್ತು ಹೊಂಗೆಕಟ್ಟೆ ಎಂಬ ಎರಡು ಊರುಗಳಿವೆ. ಮೊದಲನೆಯದು ಸಂತೆಯ ಊರು, ಎರಡನೆಯದರ ಕೆರೆ ಒಡೆದು ಮೂರು ತಲೆಮಾರಾಗಿದೆ.

ಕಟ್ಟಕಡೆಯದು ಸಿದ್ದಿಯ ಊರಾದ ಕಡೆಕೆರೆ. ಇದರ ಆಚೆ ಕೆರೆಯಿಲ್ಲದ ಕಾರಣ ಇಲ್ಲಿಗೆ ಬಂದ ಮಾತು ಇಲ್ಲಿಯೇ ಉಳಿಯುತ್ತದೆ. ತಮ್ಮದಲ್ಲದ ನೆನಪುಗಳನ್ನು ಹೊತ್ತು ಬೆಳೆಯುವುದರಿಂದ ಈ ಊರಿನ ಮಕ್ಕಳು ತಾವು ಎಂದೂ ಕಾಣದ ಮನೆಗಳ ಹಜಾರವನ್ನು ಕಣ್ಣಿಗೆ ಕಟ್ಟುವಂತೆ ವರ್ಣಿಸಬಲ್ಲರು. ಮೊದಲ ಕಂತಿನಲ್ಲಿ ಸಿದ್ದಿ ಮುದ್ದೆಯ ಮೊದಲ ತುತ್ತನ್ನು ಸಾರಿಗೆ ಅದ್ದಿ ನುಂಗಿ, ಕೈಯನ್ನು ತಟ್ಟೆಯಲ್ಲಿಯೇ ಬಿಟ್ಟು, “ಅವ್ವ, ಇವತ್ತಿನ ರಾಗಿ ಅಳ್ತಾ ಐತೆ” ಎನ್ನುತ್ತಾಳೆ. ತಾಯಿ ಉತ್ತರಿಸದೆ ಅವಳ ತಟ್ಟೆಗೆ ಇನ್ನಷ್ಟು ಸಾರು ಬಡಿಸುತ್ತಾಳೆ. ಕಡೆಕೆರೆಯವರ ಬದುಕಿನ ಲಯ ಇದೇ, ಗೋಳಾಟ ಬೇಡ.

ಆಚರಣೆಗಳು

ಕೋಡಿ ಬಿದ್ದ ದಿನ ಹೆಂಗಸರು ಕೆರೆಗೆ ಮೊರದ ಬಾಗಿನ ಅರ್ಪಿಸುತ್ತಾರೆ. ಅರಿಸಿನ, ಕುಂಕುಮ, ಬಳೆ, ಧಾನ್ಯಗಳ ಜೊತೆಗೆ ಕೋಡಿನಾಡಿನಲ್ಲಿ ಒಂದು ಗಂಟು ಹಾಕಿದ ದಾರವನ್ನೂ ಇಡುತ್ತಾರೆ, ಅದು ಈ ವರ್ಷ ನೀರಿಗೆ ಹೇಳದೆ ತಾವೇ ಉಳಿಸಿಕೊಂಡ ಮಾತಿನ ಗುರುತು. ಹಳೆಯ ಶಾಸನಗಳಲ್ಲಿ ಕೆರೆಯ ದುರಸ್ತಿಗೆ ಬಿಟ್ಟ ‘ಬಿತ್ತುವಟ್ಟ’ದ ಉಲ್ಲೇಖವಿದೆ, ಇಲ್ಲಿಯೂ ಪ್ರತಿ ಮನೆಯವರು ಅದನ್ನು ಸಲ್ಲಿಸುತ್ತಾರೆ, ಧಾನ್ಯವಾಗಿ ಅಥವಾ ಹೂಳೆತ್ತುವ ದುಡಿಮೆಯಾಗಿ.

ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಕೆರೆಯೆಂದೊಡನೆ ನಮ್ಮ ಜನಪದದಲ್ಲಿ ಬಲಿಯಾದ ಕಿರಿಯ ಸೊಸೆ ಭಾಗೀರಥಿ ನೆನಪಿಗೆ ಬರುತ್ತಾಳೆ. ಆ ಕಥೆಯನ್ನು ಕೇಳಿ ಬೆಳೆದ ನಮಗೆ ಅದರ ನೋವು ಗೊತ್ತಿರುವುದರಿಂದಲೇ, ಕೋಡಿನಾಡಿನಲ್ಲಿ ಯಾವ ಕೆರೆಯೂ ಯಾವ ಹೆಣ್ಣಿನ ಜೀವವನ್ನೂ ಕೇಳುವುದಿಲ್ಲ.

ನೋಟ

ಪಾತ್ರಗಳ ರೂಪಕ್ಕೆ ಆಧಾರ ತೊಗಲುಗೊಂಬೆ. ಹದ ಮಾಡಿದ ತೊಗಲಿನ ಮೂಲಕ ಹಿಂದಿನ ದೀಪದ ಬೆಳಕು ಹಾಯ್ದು ಕೆಂಪು, ಹಸಿರು, ಕಪ್ಪು ಬಣ್ಣಗಳು ಹೊಳೆಯುವಂತೆ, ನಮ್ಮ ಪಾತ್ರಗಳ ಮೇಲೆ ಬೆಳಕು ಬೀಳುವುದಿಲ್ಲ. ಅವರ ಒಳಗಿನಿಂದ ಬರುತ್ತದೆ. ಗೊಂಬೆಗೆ ಉಳಿಯಿಂದ ಕೊರೆಯುವ ರಂಧ್ರಗಳಿಗೆ ಇಲ್ಲಿ ಅರ್ಥವಿದೆ: ನೀರಿಗೆ ಒಂದು ಮಾತು ಕೊಟ್ಟಾಗಲೆಲ್ಲ ಮೈಮೇಲೆ ಹೊಸದೊಂದು ರಂಧ್ರ ಮೂಡುತ್ತದೆ. ಮುಗಿಲ್ಕೆರೆಯ ಮುದುಕರು ಜಾಲರಿಯಂತೆ ಬೆಳಗುವಾಗ, ಕಡೆಕೆರೆಯವರು ರಂಧ್ರವಿಲ್ಲದ ಗಾಢ ಬಣ್ಣದವರಾಗಿರುತ್ತಾರೆ. ನೋಡಲು ಮೇಲಿನವರೇ ಚೆಂದ ಕಾಣಬೇಕು. ಆ ಚೆಲುವು ಯಾವುದರಿಂದ ಬಂತೆಂದು ಏಳನೆಯ ಕಂತಿನವರೆಗೆ ಹೇಳಬಾರದು.

ತೊಗಲುಗೊಂಬೆಯಾಟದಲ್ಲಿ ಅರಸರು ದೊಡ್ಡ ಗೊಂಬೆ, ಸಾಮಾನ್ಯರು ಸಣ್ಣ ಗೊಂಬೆ. ನಾವು ಗಾತ್ರವನ್ನು ಹೊತ್ತ ನೆನಪಿಗೆ ಕಟ್ಟಿದ್ದೇವೆ, ಆದ್ದರಿಂದ ಹನ್ನೊಂದು ವರ್ಷದ ಸಿದ್ದಿ ಮುಗಿಲ್ಕೆರೆಯ ಗೌಡನಿಗಿಂತ ಒಂದು ಗೇಣು ಎತ್ತರವಾಗಿರುತ್ತಾಳೆ. ಮುಖಗಳು ಸದಾ ಪಕ್ಕನೋಟದಲ್ಲಿರಲಿ. ಒಬ್ಬರು ನೀರಿಗೆ ಮಾತು ಬಿಡುವ ಕ್ಷಣದಲ್ಲಿ ಮಾತ್ರ ಮುಖ ಪೂರ್ತಿ ನಮ್ಮ ಕಡೆಗೆ ತಿರುಗಬೇಕು. ಸೆಕೆಂಡಿಗೆ 24 ಚೌಕಟ್ಟುಗಳಲ್ಲಿ ಮನುಷ್ಯರಿಗೆ 12 ಚಿತ್ರ, ನೀರಿಗೆ 24 ಚಿತ್ರ ಬರೆಯಬೇಕು. ಮನುಷ್ಯರು ಗೊಂಬೆಗಳಂತೆ ತುಸು ತಡವರಿಸಿ ನಡೆಯುವಾಗ ನೀರೊಂದೇ ಎಡೆಬಿಡದೆ ಜೀವಂತವಾಗಿ ಚಲಿಸಿದರೆ, ಈ ನಾಡಿನಲ್ಲಿ ನೆನಪಿರುವುದು ಯಾರಿಗೆಂದು ಹೇಳುವ ಅಗತ್ಯವಿರುವುದಿಲ್ಲ.

ತೂಬನ್ನು ಎಷ್ಟು ಹತ್ತಿರದಿಂದ ತೋರಿಸಿದರೂ ಹೆಚ್ಚಲ್ಲ. ನೀರಿನೊಳಗಿನಿಂದ ಎದ್ದ ಎರಡು ಕಲ್ಲುಕಂಬ, ಅವುಗಳ ನಡುವೆ ಅಡ್ಡಕಲ್ಲು, ಅದರ ತೂತಿನಲ್ಲಿ ಇಳಿಬಿಟ್ಟ ಮರದ ಗಳು, ಕೈ ತಾಗಿ ತಾಗಿ ನುಣುಪಾದ ಅದರ ತುದಿ. ನೀರುಗಂಟಿ ಗಳುವನ್ನು ಒಂದು ಗೇಣು ಮೇಲಕ್ಕೆತ್ತುತ್ತಾನೆ, ಕೆಳಗೆ ನೀರು ಮೊದಲು ಗುಳುಕ್ಕೆಂದು ಅನಂತರ ಒಂದೇ ಸಮನೆ ಹರಿಯುತ್ತದೆ, ಕಾಲುವೆಯ ಬಾಯಲ್ಲಿ ಬೆಳ್ಳಕ್ಕಿಯೊಂದು ಕಾಲೆತ್ತಿ ಹಿಂದೆ ಸರಿಯುತ್ತದೆ.

ಧ್ವನಿ

ನೀರಿನಲ್ಲಿರುವ ಮಾತು ಕೇಳಿಸಬೇಕು, ಆದರೆ ಅರ್ಥವಾಗಬಾರದು. ಪಕ್ಕದ ಮನೆಯ ಗೋಡೆಯಾಚೆ ಯಾರೋ ಮಾತನಾಡಿದಂತಿರಲಿ. ಮೊದಲ ಮಳೆಯ ದೃಶ್ಯದಲ್ಲಿ ಸಂಗೀತವಾಗಲಿ ಸಂಭಾಷಣೆಯಾಗಲಿ ಇರಕೂಡದು, ಹಂಚಿನ ಮೇಲೆ ಮತ್ತು ಒಣಗಿದ ಗೋಡಿನ ಮೇಲೆ ಹನಿ ಬೀಳುವ ಸದ್ದುಗಳೆರಡೂ ಬೇರೆಬೇರೆಯಾಗಿ ಕೇಳಿಸಲಿ. ಸಿದ್ದಿಯ ಗಾಡಿಯ ಕೀಲು ಕಿರುಗುಟ್ಟುವ ಸದ್ದನ್ನು ಎರಡನೆಯ ಕಂತಿನಿಂದ ಕೊನೆಯವರೆಗೂ ಬದಲಿಸಬಾರದು; ಗಾಡಿ ಮುಗಿಲ್ಕೆರೆಯ ಏರಿಯನ್ನು ಹತ್ತುವಾಗ ಅಲ್ಲಿಯ ಮುದುಕಿಯೊಬ್ಬಳು ಆ ಸದ್ದನ್ನು ಗುರುತಿಸಿ ತಲೆಯೆತ್ತಬೇಕಾಗಿದೆ.