ಕೂಲರ್ ಈ ಕಡೆ ತಿರುಗಿಸ್ರೀ: ಸೀಸನ್ 1

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರದ ಗಲ್ಲಿಯಲ್ಲಿ ಒಂದು ಚಿಕ್ಕ ಖಾನಾವಳಿ. ಶರಣಬಸವೇಶ್ವರ ಜಾತ್ರೆ ಮುಗಿದ ಮೇಲೆ ಶುರುವಾಗಿ, ಮೊದಲ ಮಳೆಗೆ ಕಥೆ ಮುಗಿಯುತ್ತದೆ. 20 ಎಪಿಸೋಡ್, ತಲಾ 30 ಸೆಕೆಂಡ್. ಎಲ್ಲ ಸೇರಿದರೆ 10 ನಿಮಿಷ ಅಷ್ಟೇ, ಅದಕ್ಕೇ ಸೆಟ್ ಒಂದೇ, ಕೂಲರ್ ಒಂದೇ, ಜನ ನಾಲ್ಕೇ.

ಗುರಮ್ಮ ಖಾನಾವಳಿಯ ಒಡತಿ. ಯಾರು "ಸಾಕ್ರೀ" ಅಂದರೂ ಅವಳಿಗೆ ಕೇಳಿಸುವುದಿಲ್ಲ, ತಾಟಿಗೆ ಇನ್ನೊಂದು ರೊಟ್ಟಿ ಬಿದ್ದೇ ಬೀಳುತ್ತದೆ. ಮಗಳು ಭಾಗ್ಯ ಬಿ.ಕಾಂ. ಮುಗಿಸಿ ಗಲ್ಲಾದಲ್ಲಿ ಕೂತಿದ್ದಾಳೆ, ಎಲ್ಲದಕ್ಕೂ ಲೆಕ್ಕ ಹಾಕುತ್ತಾಳೆ. ಶರಣಪ್ಪ ಕಾಕಾ ರಿಟೈರ್ ಆದ ಮಾಸ್ತರು, ತೊವ್ವೆಯಿಂದ ಹಿಡಿದು ಮೋಡದವರೆಗೆ ಎಲ್ಲವನ್ನೂ ತಿದ್ದುತ್ತಾರೆ. ಆಟೋ ರಫೀಕ್ "ಹೊಂಟೆ, ಹೊಂಟೆ" ಅನ್ನುತ್ತಲೇ ಇರುತ್ತಾನೆ, ಎದ್ದು ಹೋಗುವುದು ಮಾತ್ರ ಇಲ್ಲ.

ಪ್ರತಿ ಎಪಿಸೋಡಿನ ಕೊನೆ 5 ಸೆಕೆಂಡ್ ಕೂಲರಿನದು. ಜಗಳದಲ್ಲಿ ಗೆದ್ದವರು ಅದನ್ನು ತಮ್ಮ ಕಡೆ ತಿರುಗಿಸಿಕೊಳ್ಳುತ್ತಾರೆ. ಒಮ್ಮೆ ತಿರುಗಿಸಿದ ರೀತಿ ಮತ್ತೆ ಬರಬಾರದು: ಕಾಕಾ ಕೊಡೆಯಿಂದ ಎಳೆಯಲಿ, ರಫೀಕ್ ಹಗ್ಗ ಕಟ್ಟಲಿ, ಇನ್ನೊಂದರಲ್ಲಿ ನೀರೇ ಖಾಲಿಯಾಗಲಿ. ಗುರಮ್ಮನ ಕಡೆ ಮಾತ್ರ ಯಾರೂ ತಿರುಗಿಸುವ ಹಾಗಿಲ್ಲ, ಗಾಳಿಗೆ ಒಲೆ ಆರಿಹೋಗುತ್ತದೆ. ಇದನ್ನು 2ನೇ ಎಪಿಸೋಡಿನಲ್ಲೇ ತೋರಿಸಿಬಿಡೋಣ, ಯಾಕಂದ್ರೆ ಇಡೀ ಸೀಸನ್ ನಿಂತಿರುವುದೇ ಇದರ ಮೇಲೆ.

ಮಾದರಿಗೆ 1ನೇ ಎಪಿಸೋಡ್:

ರಫೀಕ್: ಅಕ್ಕಾ, ಒಂದ ರೊಟ್ಟಿ ಸಾಕ್ರೀ. ಹೊಂಟೆ.
(ಗುರಮ್ಮ ಎರಡು ಹಾಕುತ್ತಾಳೆ.)
ಭಾಗ್ಯ: ಅವ್ವಾ, ಎರಡನೇದ್ದರ ರೊಕ್ಕ ಯಾರ ಕೊಡ್ತಾರ?
ಕಾಕಾ: ಹಾಕಿದವರ ಕೊಡಬೇಕು. ಅದು ನ್ಯಾಯ.
ಗುರಮ್ಮ: ಹಂಗಾದ್ರ ಕಾಕಾ, ನಿಮಗ ನಿನ್ನೆ ಹಾಕಿದ್ದು ವಾಪಸ್ ಕೊಡ್ರೀ.
(ಕಾಕಾ ಮಾತಿಲ್ಲ. ರಫೀಕ್ ಕೂಲರನ್ನು ಮೆಲ್ಲಗೆ ತನ್ನ ಕಡೆ ತಿರುಗಿಸುತ್ತಾನೆ.)

ಮಾತು ಇಷ್ಟೇ ಇರಲಿ. ಇದಕ್ಕಿಂತ ಜಾಸ್ತಿಯಾದರೆ ಮುಖ ನೋಡಲು ಜಾಗ ಸಿಗುವುದಿಲ್ಲ.

ಸೀಸನ್ನಿನ ದೊಡ್ಡ ಕಥೆ ಖಡಕ್ ರೊಟ್ಟಿಯದು. 3ರಲ್ಲಿ ರಫೀಕ್‌ನ ಸವಾರಿಯೊಬ್ಬರು ಬೆಂಗಳೂರಿಗೆ ಒಂದು ಕಟ್ಟು ಒಯ್ಯುತ್ತಾರೆ, 6ರಲ್ಲಿ ಅವರಿಂದಲೇ ಆರ್ಡರ್ ಬರುತ್ತದೆ. ಗುರಮ್ಮ ಒಪ್ಪುವುದಿಲ್ಲ: ರೊಟ್ಟಿ ಅಂದ್ರೆ ಎದುರಿಗೆ ಕೂಡಿಸಿ ಬಡಿಸೋದು, ಮುಖ ಕಾಣದವರಿಗೆ ಹೆಂಗ ಬಡಿಸಲಿ? ಅವಳ ಮಾತಲ್ಲೂ ಸತ್ಯ ಇದೆ, ಅವಳನ್ನು ಹಳೇ ಕಾಲದವಳು ಅಂತ ತೋರಿಸಬಾರದು. 10ರಿಂದ ಭಾಗ್ಯ ಕದ್ದು ಪಕ್ಕದ ಮನೆಯಲ್ಲಿ ರೊಟ್ಟಿ ಬಡಿಯುತ್ತಾಳೆ. 15ರಲ್ಲಿ ಒಂದು ಸೊಟ್ಟ ರೊಟ್ಟಿ ಅವ್ವನ ಕೈಗೆ ಸಿಗುತ್ತದೆ. "ಇದು ಯಾರ ಕೈ?" ಈ ಎಪಿಸೋಡಿನಲ್ಲಿ ಮಾತ್ರ ಕೂಲರ್ ತಿರುಗುವುದಿಲ್ಲ. 16ರಲ್ಲಿ ಅವ್ವ ಬೈಯುವುದಿಲ್ಲ, ಮಗಳ ಕೈ ಹಿಡಿದು ಬಡಿಯುವುದನ್ನು ಕಲಿಸುತ್ತಾಳೆ.

20: ಆರ್ಡರ್ ಕಟ್ಟಿ ಮುಗಿದಿದೆ, ಒಲೆ ಆರಿದೆ. ಗುರಮ್ಮ ಮೊದಲ ಸಲ ಗಿರಾಕಿಯ ಜಾಗದಲ್ಲಿ ಕೂರುತ್ತಾಳೆ. ಮೂವರೂ ಸೇರಿ ಕೂಲರನ್ನು ಅವಳ ಕಡೆ ತಿರುಗಿಸುತ್ತಾರೆ. ಹೊರಗೆ ಗುಡುಗು, ಒಳಗೆ ಕರೆಂಟ್ ಹೋಗುತ್ತದೆ. ರಫೀಕ್: "ಮಳಿ ಬಂತು, ಹೊಂಟೆ." ಮತ್ತೆ ಕೂರುತ್ತಾನೆ.